ಉರಿಯ ತುದಿತಾಪ ಇಳಿಸುವ ದಾರಿಗಳಲ್ಲಿ ಯಾವುದು: ಹಾಸನದ ಒಂದು ಎಲ್‌ಪಿಜಿ ಬಾಯ್ಲರಿಗೆ ಬರ್ನರ್ ಆರಿಸುವಾಗ

ಹಾಸನದ ಹೊರವಲಯದಲ್ಲಿ ಒಂದು ಆಹಾರ ಸಂಸ್ಕರಣಾ ಘಟಕವಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ ಎರಡು ಟನ್ ಉಗಿ ಕೊಡುವ, ಬೆಂಕಿ ಕೊಳವೆಯೊಳಗೆ ಉರಿದು ನೀರು ಸುತ್ತ ನಿಲ್ಲುವ ಬಗೆಯ ಬಾಯ್ಲರ್ ಅಲ್ಲಿದೆ. ಇಂಧನ ಎಲ್‌ಪಿಜಿ. ದಿನಕ್ಕೆ ಹದಿನಾರು ಗಂಟೆ ಕೆಲಸ. ಪಕ್ಕದ ಕಾಂಪೌಂಡಿನಲ್ಲಿ ಕಾಫಿ ಕ್ಯೂರಿಂಗ್ ನಡೆಯುವುದರಿಂದ ಸೀಸನ್ನಿನಲ್ಲಿ ಹೊಟ್ಟಿನ ದೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಹಳೆಯ ಬರ್ನರ್ ಸವೆದಿದೆ. ಚಿಮಣಿಯಲ್ಲಿ ಸಾರಜನಕದ ಆಕ್ಸೈಡುಗಳು, ಅಂದರೆ ಬಾಯ್ಲರ್ ಮನೆಯ ಮಾತಿನಲ್ಲಿ ನಾಕ್ಸ್, ಹೆಚ್ಚು ಬರುತ್ತಿವೆ. ಮಾಲೀಕರ ಮೇಜಿನ ಮೇಲೆ ನಾಲ್ಕು ಪ್ರಸ್ತಾವಗಳಿವೆ: ಇರುವ ಬರ್ನರಿಗೇ ಗಾಳಿ ಹೆಚ್ಚು ಬಿಡುವುದು, ಚಿಮಣಿಯ ಹೊಗೆಯಲ್ಲಿ ಒಂದು ಪಾಲನ್ನು ಉರಿಗೆ ಮರಳಿಸುವುದು, ಗಾಳಿಯನ್ನು ಎರಡು ಹಂತದಲ್ಲಿ ಕೊಡುವ ಬರ್ನರ್ ಹಾಕುವುದು, ಅನಿಲ ಮತ್ತು ಗಾಳಿಯನ್ನು ಮೊದಲೇ ಪೂರ್ತಿ ಬೆರೆಸಿ ಉರಿಸುವ ಜಾಲರಿ ಬರ್ನರ್ ಹಾಕುವುದು. ಇವುಗಳ ಜೊತೆಗೆ, ಇಂಧನ ಉಳಿತಾಯದ ಹೆಸರಿನಲ್ಲಿ, ಗಾಳಿಯನ್ನು ಮುಂಚೆಯೇ ಬಿಸಿ ಮಾಡುವ ಒಂದು ಉಪಕರಣವನ್ನೂ ಯಾರೋ ತೂರಿಸಿದ್ದಾರೆ. ಎಲ್ಲರೂ ಹೇಳುವುದು ಒಂದೇ: ಉರಿಯ ತಾಪಮಾನ ಇಳಿಸಿದರೆ ನಾಕ್ಸ್ ಇಳಿಯುತ್ತದೆ. ಮಾತು ನಿಜ, ಆದರೆ ಯಾವ ತಾಪಮಾನ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಈ ಪ್ರಸ್ತಾವಗಳನ್ನು ತೂಗಲಾಗದು. ಸರಾಸರಿ ತಾಪಮಾನವಲ್ಲ, ಉರಿಯೊಳಗಿನ ಅತಿ ಬಿಸಿಯಾದ ಜಾಗದ ತಾಪಮಾನ, ಅಂದರೆ ತುದಿತಾಪ, ಇಲ್ಲಿ ಮುಖ್ಯ. ಅದು ಏಕೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಸಾರಜನಕ ಏಕೆ ಮಣಿಯುತ್ತದೆ

ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದರ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಒಂದು ಮೋಲ್ ಸಾರಜನಕವನ್ನು ಬಿಡಿ ಪರಮಾಣುಗಳಾಗಿ ಒಡೆಯಲು ಸುಮಾರು 945 ಕಿಲೋಜೌಲ್ ಬೇಕು, ಆಮ್ಲಜನಕಕ್ಕಾದರೆ ಸುಮಾರು 498 ಸಾಕು. ಆದ್ದರಿಂದಲೇ ಸೌದೆಯ ಒಲೆಯಲ್ಲಿ ಸಾರಜನಕ ಬಿಸಿಯಾಗಿ ಹಾಗೆಯೇ ಹೊರಗೆ ಹೋಗುತ್ತದೆ. ತೀರ ಬಿಸಿಯಾದ ಉರಿಯಲ್ಲಿ ಮಾತ್ರ ಬೇರೆ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿ ಆಮ್ಲಜನಕದ ಅಣುಗಳಲ್ಲಿ ಕೆಲವು ಒಡೆದು ಒಂಟಿ ಪರಮಾಣುಗಳಾಗುತ್ತವೆ, ಆ ಒಂಟಿ ಪರಮಾಣು ಸಾರಜನಕದ ಅಣುವಿಗೆ ಬಡಿದು ಅದನ್ನು ಸೀಳುತ್ತದೆ. ರಷ್ಯದ ಯಾಕೋವ್ ಝೆಲ್ಡೋವಿಚ್ 1940ರ ದಶಕದಲ್ಲಿ ವಿವರಿಸಿದ ಈ ಸರಣಿ ಹೀಗಿದೆ:

N₂ + O → NO + N

N + O₂ → NO + O

ಎರಡನೆಯ ಹೆಜ್ಜೆಯ ಕೊನೆಯಲ್ಲಿ ಒಂಟಿ ಆಮ್ಲಜನಕ ಮತ್ತೆ ಕೈಗೆ ಬರುವುದನ್ನು ಗಮನಿಸಬೇಕು. ಒಮ್ಮೆ ಶುರುವಾದ ಸರಣಿ ತನ್ನ ಬಂಡವಾಳವನ್ನು ತಾನೇ ಮರಳಿ ಪಡೆಯುತ್ತದೆ. ಆದರೆ ಮೊದಲ ಹೆಜ್ಜೆ ತುಂಬ ಕಡಿದಾದ ಏರು. ಅದನ್ನು ದಾಟಲು ಮೋಲಿಗೆ ಸುಮಾರು 319 ಕಿಲೋಜೌಲ್ ಬೇಕು, ಮತ್ತು ಆ ಏರಿಗೆ ಹತ್ತಬೇಕಾದ ಒಂಟಿ ಆಮ್ಲಜನಕವೂ ತಾಪಮಾನ ಏರಿದಂತೆ ಮಾತ್ರ ಹುಟ್ಟುತ್ತದೆ. ಹೀಗೆ ಒಂದೇ ತಾಪಮಾನ ಎರಡು ಕಡೆಯಿಂದ ಕೆಲಸ ಮಾಡುವುದರಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುವ ವೇಗ ತಾಪಮಾನಕ್ಕೆ ಅನುಪಾತದಲ್ಲಿ ಏರದೆ, ಮಡಿಮಡಿಯಾಗಿ ಏರುತ್ತದೆ. ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಲೆಕ್ಕಕ್ಕೆ ಹಿಡಿಯದಷ್ಟು ನಿಧಾನ. 1,800ರ ಮೇಲೆ ಹೋದರೆ ತಡೆಯಲಾಗದಷ್ಟು ಬಿರುಸು.

ಅಂಕಿಯಲ್ಲಿ ನೋಡುವುದಾದರೆ, ಉರಿದ ಅನಿಲದಲ್ಲಿ ಎರಡು ಶೇಕಡಾ ಆಮ್ಲಜನಕ ಉಳಿದಿದೆ, ಅದು ಬಿಸಿಯ ಜಾಗದಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಹೊತ್ತು ಇರುತ್ತದೆ ಎಂದು ಹಿಡಿದು, ಈ ಸರಣಿಯ ವೇಗಕ್ಕೆ ಬಳಕೆಯಲ್ಲಿರುವ ಸಮೀಕರಣದಿಂದ ನಾನು ಲೆಕ್ಕ ಹಾಕಿದೆ. ಜಾಗದ ತಾಪಮಾನ 1,827 ಡಿಗ್ರಿಯಾದರೆ ಸುಮಾರು 83 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 83 ಪಾಲು, ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ನೂರು ಡಿಗ್ರಿ ಇಳಿಸಿ 1,727 ಮಾಡಿದರೆ ಸುಮಾರು 17. ಇನ್ನೂ ನೂರು ಇಳಿಸಿ 1,627ಕ್ಕೆ ತಂದರೆ ಬರೀ 3. ಡಿಗ್ರಿಗಳು ಸಮನಾಗಿ ಇಳಿದಿವೆ, ನಾಕ್ಸ್ ಮಾತ್ರ ಪ್ರತಿ ಹೆಜ್ಜೆಗೂ ಐದು ಆರು ಪಟ್ಟು ಕುಸಿದಿದೆ.

ಈಗ ಇದೇ ಅಂಕಿಗಳಿಂದ ಇನ್ನೊಂದು ಲೆಕ್ಕ. ಉರಿಯ ಅರ್ಧ ಭಾಗ 1,827ರಲ್ಲಿದೆ, ಇನ್ನರ್ಧ 1,627ರಲ್ಲಿದೆ ಎನ್ನೋಣ. ಸರಾಸರಿ 1,727. ಆದರೆ ಹುಟ್ಟುವ ನಾಕ್ಸ್ 17 ಪಿಪಿಎಂ ಅಲ್ಲ. 83 ಮತ್ತು 3ರ ಸರಾಸರಿಯಾದ 43. ತಣ್ಣಗಿರುವ ಅರ್ಧ ಉಳಿಸಿಕೊಟ್ಟದ್ದು ಅಲ್ಪ, ಬಿಸಿಯಾದ ಅರ್ಧ ಮಾಡಿದ ಹಾನಿಯೇ ಹೆಚ್ಚುಕಡಿಮೆ ಇಡೀ ಹಾನಿ. ಬರ್ನರ್ ಮಾರುವವರು ಕುಲುಮೆಯ ತಾಪಮಾನ ಇಷ್ಟು ಇಳಿಯುತ್ತದೆ ಎಂದು ಹೇಳಿದಾಗ ಕೇಳಬೇಕಾದ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ತುದಿ ಇಳಿಯುತ್ತದೆಯೋ, ಸರಾಸರಿ ಮಾತ್ರ ಇಳಿಯುತ್ತದೆಯೋ?

ಹುಟ್ಟಿದ ನೈಟ್ರಿಕ್ ಆಕ್ಸೈಡ್ ಮುಂದೆ ತಣ್ಣಗಾದಾಗ ಮತ್ತೆ ಸಾರಜನಕ ಮತ್ತು ಆಮ್ಲಜನಕವಾಗಿ ಒಡೆಯಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ಸಮತೋಲನದ ಲೆಕ್ಕದಲ್ಲಿ ಒಡೆಯಬೇಕು, ನಿಜ. ಆದರೆ ಒಡೆಯುವ ದಾರಿಯೂ ಅದೇ ಕಡಿದಾದ ಏರು. ಹೊಗೆ ಕೊಳವೆಗಳೊಳಗೆ ಹೊಕ್ಕು ನೀರಿಗೆ ಶಾಖ ಬಿಟ್ಟುಕೊಡುತ್ತ ಬಲುಬೇಗ ತಣ್ಣಗಾಗುವುದರಿಂದ ಆ ದಾರಿ ಮುಚ್ಚಿಹೋಗುತ್ತದೆ, ಹುಟ್ಟಿದ್ದು ಹಾಗೆಯೇ ಚಿಮಣಿ ಸೇರುತ್ತದೆ. ಆಮೇಲೆ ಹೊರಗಿನ ಗಾಳಿಯಲ್ಲಿ ಅದು ನೈಟ್ರೋಜನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಆದ್ದರಿಂದ ಹುಟ್ಟುವ ಜಾಗದಲ್ಲೇ ತಡೆಯಬೇಕು.

ಗಾಳಿ ಹೆಚ್ಚು ಬಿಡುವ ಅಗ್ಗದ ದಾರಿ

ಖರ್ಚಿಲ್ಲದ ಸಲಹೆ ಎಂದು ಇದೇ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಹೆಚ್ಚು ಗಾಳಿ ಬಿಟ್ಟರೆ ಅದೇ ಶಾಖ ಹೆಚ್ಚು ಅನಿಲಕ್ಕೆ ಹಂಚಿಹೋಗುತ್ತದೆ, ಉರಿ ತಣ್ಣಗಾಗುತ್ತದೆ ಎಂಬುದು ತರ್ಕ. ಹಳೆಯ ಮಾದರಿಯ ಬರ್ನರಿನಲ್ಲಿ ಈ ತರ್ಕ ಕೈಕೊಡುತ್ತದೆ. ಅಲ್ಲಿ ಅನಿಲ ಒಂದು ಕಡೆಯಿಂದ, ಗಾಳಿ ಇನ್ನೊಂದು ಕಡೆಯಿಂದ ಬಂದು ಕುಲುಮೆಯೊಳಗೇ ಬೆರೆಯುತ್ತವೆ. ಹೀಗೆ ಬೆರೆಯುವಾಗ ಎರಡೂ ಸರಿಯಾದ ಅಳತೆಯಲ್ಲಿ ಕೂಡುವ ಒಂದು ತೆಳುವಾದ ಪದರ ಎಲ್ಲೋ ಇದ್ದೇ ಇರುತ್ತದೆ, ಉರಿ ಹತ್ತಿಕೊಳ್ಳುವುದೂ ಆ ಪದರದಲ್ಲೇ. ಒಟ್ಟು ಗಾಳಿ ಎಷ್ಟೇ ಹೆಚ್ಚಿದ್ದರೂ ಆ ಪದರದಲ್ಲಿ ತಾಪಮಾನ ಗರಿಷ್ಠವೇ. ಹೆಚ್ಚುವರಿ ಗಾಳಿ ಬಂದು ತಣಿಸುವುದು ಆ ಪದರ ದಾಟಿದ ಮೇಲೆ. ಸರಾಸರಿ ಇಳಿಯಿತು, ತುದಿ ಇಳಿಯಲಿಲ್ಲ. ಮೇಲಾಗಿ, ಅಳತೆಗಿಂತ ಹೆಚ್ಚು ಗಾಳಿಯಿಲ್ಲದೆ ಬಿಗಿಯಾಗಿ ನಡೆಯುತ್ತಿದ್ದ ಬರ್ನರಿಗೆ ಸ್ವಲ್ಪ ಗಾಳಿ ಹೆಚ್ಚಿಸಿದರೆ, ಸಾರಜನಕವನ್ನು ಸೀಳಲು ಬೇಕಾದ ಆಮ್ಲಜನಕ ಸುಲಭವಾಗಿ ಸಿಗುವುದರಿಂದ ನಾಕ್ಸ್ ಮೊದಲು ಏರುವುದೂ ಉಂಟು.

ಇದರ ಬೆಲೆ ಇಂಧನದಲ್ಲಿ ಕಾಣುತ್ತದೆ. ಚಿಮಣಿಯ ಹೊಗೆ 180 ಡಿಗ್ರಿ, ಕೋಣೆಯ ಗಾಳಿ 28 ಡಿಗ್ರಿ ಎಂದು ಹಿಡಿದರೆ, ಹೊಗೆಯಲ್ಲಿ ಆಮ್ಲಜನಕ 3 ಶೇಕಡಾ ಇದ್ದಾಗ ಚಿಮಣಿಯಲ್ಲಿ ಹೋಗುವ ಶಾಖ ಸುಮಾರು ಆರೂವರೆ ಶೇಕಡಾ. ಅದನ್ನು 8ಕ್ಕೆ ಏರಿಸಿದರೆ ಸುಮಾರು ಎಂಟೂವರೆ. ನಮ್ಮ ಬಾಯ್ಲರ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 125 ಕಿಲೋ ಎಲ್‌ಪಿಜಿ ತಿನ್ನುತ್ತದೆ. ಎರಡು ಶೇಕಡಾ ಎಂದರೆ ಗಂಟೆಗೆ ಎರಡೂವರೆ ಕಿಲೋ, ಹದಿನಾರು ಗಂಟೆಗೆ 40 ಕಿಲೋ. ಹೋಟೆಲಿಗೆ ಬರುವ 19 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ದಿನಕ್ಕೆ ಎರಡು ಸಿಲಿಂಡರನ್ನು ಆಕಾಶಕ್ಕೆ ಬಿಟ್ಟಂತೆ. ಈ ಪ್ರಸ್ತಾವವನ್ನು ನಾನು ಮೊದಲೇ ಪಕ್ಕಕ್ಕೆ ಇಡುತ್ತೇನೆ.

ಹೊಗೆಯನ್ನು ಮರಳಿಸುವುದು

ಎಫ್‌ಜಿಆರ್ ಎಂದು ಕರೆಯುವ ಈ ವಿಧಾನದಲ್ಲಿ ಚಿಮಣಿಯ ಬುಡದಿಂದ ಒಂದಿಷ್ಟು ಹೊಗೆಯನ್ನು ಕೊಳವೆಯಲ್ಲಿ ಎಳೆದು ಬರ್ನರಿಗೆ ಹೋಗುವ ಗಾಳಿಗೆ ಬೆರೆಸುತ್ತಾರೆ. ಹೊಗೆ ಉರಿಯುವುದಿಲ್ಲ, ಉರಿಸುವುದೂ ಇಲ್ಲ. ಸುಮ್ಮನೆ ಶಾಖ ಹೊರುವ ಕೂಲಿಯಾಳು. ಹಿಂದೆ ನೂರು ಪಾಲು ಅನಿಲ ಹೊರುತ್ತಿದ್ದ ಶಾಖವನ್ನು ಈಗ ನೂರ ಹದಿನೈದು ಪಾಲು ಹೊರುತ್ತದೆ. ಹತ್ತು ಶೇಕಡಾ ಹೆಚ್ಚುವರಿ ಗಾಳಿಯಲ್ಲಿ ಎಲ್‌ಪಿಜಿ ಉರಿಯ ಲೆಕ್ಕದ ತಾಪಮಾನ ಸುಮಾರು 1,850 ಡಿಗ್ರಿ ಎಂದುಕೊಂಡರೆ, ಹದಿನೈದು ಶೇಕಡಾ ಹೊಗೆ ಸೇರಿಸಿದಾಗ, ಹೊಗೆ ತಾನೇ ತರುವ ಅಲ್ಪ ಶಾಖವನ್ನೂ ಲೆಕ್ಕಕ್ಕೆ ಹಿಡಿದು, ಸುಮಾರು 180 ಡಿಗ್ರಿ ಇಳಿಯುತ್ತದೆ. ಇನ್ನೊಂದು ಲಾಭ ಅಷ್ಟಾಗಿ ಮಾತಿಗೆ ಬರುವುದಿಲ್ಲ: ಬರ್ನರಿಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ 21 ಶೇಕಡಾದಿಂದ ಸುಮಾರು ಹದಿನೆಂಟೂವರೆಗೆ ಇಳಿಯುತ್ತದೆ.

ಹೆಚ್ಚುವರಿ ಗಾಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹಿಡಿಯಬೇಕು. ಹೆಚ್ಚುವರಿ ಗಾಳಿ ಉರಿಯ ಪದರದ ಆಚೆ ನಿಂತು ತಣಿಸುತ್ತದೆ. ಮರಳಿಸಿದ ಹೊಗೆ ಗಾಳಿಯ ಕಣಕಣಕ್ಕೂ ಬೆರೆತು ಬರುವುದರಿಂದ ಆ ಪದರದೊಳಗೇ ಹೋಗಿ ತಣಿಸುತ್ತದೆ. ಅನಿಲ ಎಲ್ಲಿ ತನಗೆ ಸರಿಯಾದ ಆಮ್ಲಜನಕವನ್ನು ಕಂಡುಕೊಂಡರೂ ಅದರ ಜೊತೆಗೆ ಈ ಕೂಲಿಯಾಳೂ ಇರುತ್ತಾನೆ. ತುದಿ ಇಳಿಯುವುದು ಹೀಗೆ. ಚಿಮಣಿಯಿಂದ ಹೊರಗೆ ಹೋಗುವ ಹೊಗೆಯ ಪ್ರಮಾಣವೂ ಬದಲಾಗದು, ಏಕೆಂದರೆ ಸುತ್ತುವುದು ಒಳಗೇ; ಹಾಗಾಗಿ ಇಂಧನದ ನಷ್ಟ ನಗಣ್ಯ.

ಮೇಲಿನ ಲೆಕ್ಕದ ಪ್ರಕಾರ 180 ಡಿಗ್ರಿ ಇಳಿದರೆ ನಾಕ್ಸ್ ಇಪ್ಪತ್ತರಲ್ಲಿ ಒಂದಕ್ಕೆ ಬರಬೇಕು. ಬಾಯ್ಲರ್ ಮನೆಯಲ್ಲಿ ಅಷ್ಟು ಬರುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಣ್ಣ ನೈಸರ್ಗಿಕ ಅನಿಲ ಬಾಯ್ಲರುಗಳಿಗೆ ಕೊಟ್ಟಿರುವ ಅಂದಾಜಿನಲ್ಲಿ, ಒಂದು ಘನ ಮೀಟರ್ ಅನಿಲ ಉರಿಸಿದಾಗ ನಿಯಂತ್ರಣವಿಲ್ಲದ ಬರ್ನರಿನಿಂದ ಸುಮಾರು 1.6 ಗ್ರಾಂ ನಾಕ್ಸ್ ಬರುತ್ತದೆ, ಕಡಿಮೆ ನಾಕ್ಸ್ ಬರ್ನರಿನಿಂದ 0.8, ಅದಕ್ಕೆ ಹೊಗೆ ಮರಳಿಸುವುದನ್ನೂ ಸೇರಿಸಿದರೆ ಸುಮಾರು 0.5. ಅಂದರೆ ಎರಡೂ ಸೇರಿ ಮೂರರಲ್ಲಿ ಎರಡು ಪಾಲು ಕಡಿತ. ಕಾಗದದ ಲೆಕ್ಕಕ್ಕೂ ಇದಕ್ಕೂ ಇಷ್ಟು ಅಂತರ ಏಕೆಂದರೆ, ಹೊಗೆ ಮತ್ತು ಗಾಳಿ ಎಲ್ಲ ಕಡೆಯೂ ಒಂದೇ ಸಮ ಬೆರೆಯುವುದಿಲ್ಲ, ಅಲ್ಲಲ್ಲಿ ಬಿಸಿ ಕಂತೆಗಳು ಉಳಿಯುತ್ತವೆ. ಸರಾಸರಿ ಲೆಕ್ಕದಲ್ಲಿ ನೋಡಿದಂತೆ ಆ ಕೆಲವು ಕಂತೆಗಳೇ ಇಡೀ ಸಂಖ್ಯೆಯನ್ನು ನಿರ್ಧರಿಸುತ್ತವೆ. ಇನ್ನೊಂದು ಕಾರಣ, ಇಂಧನದ ಚೂರುಗಳು ಸಾರಜನಕಕ್ಕೆ ನೇರವಾಗಿ ಬಡಿದು ಉರಿಯ ಬುಡದಲ್ಲೇ ಹುಟ್ಟಿಸುವ ಒಂದಿಷ್ಟು ನಾಕ್ಸ್ ಇದೆ. ಅದು ತಾಪಮಾನದ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ತಣಿಸುತ್ತ ಹೋದಂತೆ ಕೊನೆಗೆ ಉಳಿಯುವುದು ಬಹುಪಾಲು ಅದೇ.

ಎಷ್ಟು ಹೊಗೆ ಮರಳಿಸಬಹುದು ಎಂಬುದಕ್ಕೂ ಮಿತಿ ಇದೆ. ಇಪ್ಪತ್ತು ಶೇಕಡಾ ಸಮೀಪಿಸಿದಾಗ ಅನೇಕ ಬರ್ನರುಗಳಲ್ಲಿ ಉರಿಯ ಬುಡ ಅಲುಗಾಡಲು ಶುರುವಾಗುತ್ತದೆ. ಗುರುತುಗಳು ಸ್ಪಷ್ಟ: ಕುಲುಮೆಯಿಂದ ಗುಡುಗುಡು ಎಂಬ ತಗ್ಗು ಸದ್ದು, ನೋಟಗಾಜಿನಲ್ಲಿ ಉರಿ ಬರ್ನರಿನ ಮೂತಿಯನ್ನು ಬಿಟ್ಟು ಮುಂದಕ್ಕೆ ಜಿಗಿದು ಮತ್ತೆ ಹಿಂದಕ್ಕೆ ಬರುವುದು, ಹೊಗೆ ಅಳೆಯುವ ವಿಶ್ಲೇಷಕದಲ್ಲಿ ಕಾರ್ಬನ್ ಮೊನಾಕ್ಸೈಡ್ ಹಠಾತ್ತನೆ ನೂರಾರು ಪಿಪಿಎಂಗೆ ಏರುವುದು. ನಾಕ್ಸ್ ಇನ್ನೂ ಐದು ಪಿಪಿಎಂ ಇಳಿಯಲಿ ಎಂದು, ಮರಳುವ ಹೊಗೆಯನ್ನು ಹೆಚ್ಚುಕಡಿಮೆ ಮಾಡುವ ಡ್ಯಾಂಪರ್ ಎಂಬ ಬಾಗಿಲನ್ನು ತೆರೆಯುತ್ತ ಹೋಗಿ ಈ ಸ್ಥಿತಿಗೆ ತಂದುಕೊಳ್ಳುವವರನ್ನು ನೋಡಿದ್ದೇನೆ. ಕಡಿಮೆ ಹೊರೆಯಲ್ಲಿ ಉರಿ ಮೊದಲೇ ದುರ್ಬಲವಾಗಿರುವುದರಿಂದ ಡ್ಯಾಂಪರ್ ತಾನಾಗಿ ಮುಚ್ಚಿಕೊಳ್ಳುವಂತೆ ಬರ್ನರಿನ ನಿಯಂತ್ರಣಕ್ಕೆ ಜೋಡಿಸಿರಬೇಕು. ಬೆಳಗ್ಗೆ ತಣ್ಣಗಿರುವ ಬಾಯ್ಲರ್ ಹಚ್ಚಿದ ಕೂಡಲೇ ಮರಳಿಕೆ ಶುರು ಮಾಡಿದರೆ ಹೊಗೆಯ ತೇವ ಕೊಳವೆಯಲ್ಲಿ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ; ಹೊಗೆ ಬಿಸಿಯಾದ ಮೇಲೆ ಮಾತ್ರ ಡ್ಯಾಂಪರ್ ತೆರೆಯಬೇಕು, ಕೊಳವೆಯ ತಗ್ಗಿನಲ್ಲಿ ನೀರು ಬಸಿಯುವ ತೂಬು ಇರಬೇಕು.

ಹಾಸನಕ್ಕೇ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಎತ್ತರ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಹತ್ತು ಶೇಕಡಾ ತೆಳು. ಕರಾವಳಿಯ ಊರಿನಲ್ಲಿ ಸರಿಹೊಂದಿಸಿ ಕಳಿಸಿದ ಬರ್ನರಿನ ಬ್ಲೋವರ್ ಅದೇ ವೇಗದಲ್ಲಿ ತಿರುಗಿದರೂ ಇಲ್ಲಿ ಹತ್ತು ಶೇಕಡಾ ಕಡಿಮೆ ತೂಕದ ಗಾಳಿ ಕೊಡುತ್ತದೆ. ಹತ್ತು ಶೇಕಡಾ ಹೆಚ್ಚುವರಿ ಗಾಳಿಗೆಂದು ಹೊಂದಿಸಿದ್ದ ಯಂತ್ರ ಇಲ್ಲಿಗೆ ಬಂದಾಗ ಹೆಚ್ಚುವರಿಯೇ ಇಲ್ಲದ ಸ್ಥಿತಿಗೆ ಹತ್ತಿರವಾಗುತ್ತದೆ, ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್ ಶುರುವಾಗುತ್ತವೆ. ಅದೇ ಬ್ಲೋವರಿನ ಮೇಲೆ ಹದಿನೈದು ಶೇಕಡಾ ಹೊಗೆಯ ಹೊರೆಯನ್ನೂ ಹಾಕಿದರೆ ಅದು ಎಳೆಯಲಾರದು. ಹೊಗೆಗೆ ಪ್ರತ್ಯೇಕ ಸಣ್ಣ ಫ್ಯಾನ್ ಕೇಳುವುದು ಒಳ್ಳೆಯದು. ನಮ್ಮ ಅಳತೆಯ ಬಾಯ್ಲರಿಗೆ ಅದರ ವಿದ್ಯುತ್ ಒಂದು ಕಿಲೋವ್ಯಾಟಿನ ಆಸುಪಾಸು. ಪ್ರಸ್ತಾವದಲ್ಲಿ ಎಷ್ಟು ಎತ್ತರಕ್ಕೆ ಲೆಕ್ಕ ಹಾಕಿದ್ದಾರೆಂದು ಬರೆದಿರದಿದ್ದರೆ, ಲೆಕ್ಕ ಹಾಕಿಲ್ಲ ಎಂದೇ ತಿಳಿಯಬೇಕು.

ಎರಡು ಹಂತದ ಗಾಳಿ

ಈ ಬರ್ನರಿನಲ್ಲಿ ಇಂಧನಕ್ಕೆ ಬೇಕಾದ ಗಾಳಿಯಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಬುಡದಲ್ಲಿ ಕೊಡುತ್ತಾರೆ. ಅರೆಬರೆ ಉರಿದ ಅನಿಲ ಕುಲುಮೆಯ ಗೋಡೆಗೆ ಒಂದಿಷ್ಟು ಶಾಖ ಬಿಟ್ಟುಕೊಟ್ಟ ಮೇಲೆ ಉಳಿದ ಗಾಳಿ ಬಂದು ಸೇರುತ್ತದೆ. ಮೊದಲ ಹಂತದಲ್ಲಿ ಆಮ್ಲಜನಕಕ್ಕೆ ಬರ, ಎರಡನೆಯದರಲ್ಲಿ ಶಾಖಕ್ಕೆ ಬರ. ಎರಡೂ ಒಟ್ಟಿಗೆ ಸಿಗುವ ಜಾಗವೇ ಇಲ್ಲ. ತತ್ತ್ವ ಚೆಂದ. ಆದರೆ ಉರಿ ಉದ್ದವಾಗುತ್ತದೆ. ನೀರಿನೊಳಗೆ ಮಲಗಿದ ಕೊಳವೆಯಂಥ ಕುಲುಮೆಯಲ್ಲಿ ಜಾಗ ಅಳತೆಯದು. ಉದ್ದನೆಯ ಉರಿ ಹಿಂಬದಿಯ ತಗಡಿಗೆ ನೆಕ್ಕಿದರೆ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಉಳಿಯುತ್ತದೆ, ಕಾಲಕ್ರಮದಲ್ಲಿ ಕೊಳವೆಗಳ ತುದಿ ಬಿರುಕು ಬಿಡುತ್ತದೆ. ಹಳೆಯ ಬಾಯ್ಲರಿಗೆ ಇದನ್ನು ಕೂರಿಸುವ ಮುಂಚೆ ಕುಲುಮೆಯ ಉದ್ದ ಮತ್ತು ವ್ಯಾಸ ಎರಡನ್ನೂ ಅಳೆದು, ಪೂರ್ಣ ಹೊರೆಯಲ್ಲಿ ಉರಿಯ ಉದ್ದ ಎಷ್ಟೆಂದು ಮಾರುವವರಿಂದ ಬರೆಸಿಕೊಳ್ಳಬೇಕು.

ಮೊದಲೇ ಬೆರೆಸುವ ಜಾಲರಿ ಬರ್ನರ್

ತುದಿತಾಪವನ್ನು ಅತ್ಯಂತ ಚೊಕ್ಕವಾಗಿ ಇಳಿಸುವುದು ಇದೇ. ಅನಿಲ ಮತ್ತು ಗಾಳಿ ಉರಿಗೆ ತಲುಪುವ ಮುಂಚೆಯೇ ಪೂರ್ತಿ ಬೆರೆತಿರುವುದರಿಂದ ಸರಿಯಳತೆಯ ಪದರವೆಂಬುದೇ ಇರುವುದಿಲ್ಲ. ಎಲ್ಲೆಲ್ಲೂ ಒಂದೇ ಮಿಶ್ರಣ, ಒಂದೇ ತಾಪಮಾನ. ಸರಾಸರಿಯೂ ತುದಿಯೂ ಒಂದೇ ಆಗುತ್ತವೆ. ಇಲ್ಲಿ ಮಾತ್ರ ಹೆಚ್ಚುವರಿ ಗಾಳಿಯ ತರ್ಕ ಫಲಿಸುತ್ತದೆ: ಐವತ್ತು ಶೇಕಡಾ ಹೆಚ್ಚು ಗಾಳಿ ಬಿಟ್ಟು ಉರಿಯನ್ನು 1,500 ಡಿಗ್ರಿಯ ಆಸುಪಾಸಿಗೆ ತಂದರೆ ನಾಕ್ಸ್ ಒಂದಂಕಿಗೆ ಇಳಿಯಬಲ್ಲದು. ಬೆಲೆ ಎಂದರೆ ಮೇಲೆ ಹೇಳಿದ ಆ ಎರಡು ಸಿಲಿಂಡರು, ಏಕೆಂದರೆ ಹೊಗೆಯಲ್ಲಿ ಆಮ್ಲಜನಕ ಏಳೆಂಟು ಶೇಕಡಾಕ್ಕೆ ಏರುತ್ತದೆ. ಎರಡನೆಯ ಬೆಲೆ ದೂಳಿನದು. ಉರಿ ನಿಲ್ಲುವ ಲೋಹದ ಜಾಲರಿಯ ಕಣ್ಣುಗಳು ಸಣ್ಣವು. ಪಕ್ಕದ ಕ್ಯೂರಿಂಗ್ ಕಾಂಪೌಂಡಿನಿಂದ ಬರುವ ಹೊಟ್ಟಿನ ದೂಳು ಅಲ್ಲಿ ಕೂತರೆ ಒಂದು ಕಡೆ ಮಿಶ್ರಣ ನಿಧಾನವಾಗಿ ಹೊರಬರುತ್ತದೆ, ಉರಿ ಜಾಲರಿಯ ಮೇಲೇ ಕುಳಿತು ಅದನ್ನು ಕೆಂಪಗೆ ಕಾಯಿಸುತ್ತದೆ, ಹೆಚ್ಚಾದರೆ ಒಳಕ್ಕೆ ನುಗ್ಗುತ್ತದೆ. ನೋಟಗಾಜಿನಲ್ಲಿ ಜಾಲರಿಯ ಒಂದು ತೇಪೆ ಮಾತ್ರ ಹೊಳೆಯುತ್ತಿದ್ದರೆ ಅದು ಚೆಂದವಲ್ಲ, ಎಚ್ಚರಿಕೆ. ಗಾಳಿ ಒಳಬರುವ ಕಡೆ ಒಳ್ಳೆಯ ಫಿಲ್ಟರ್ ಹಾಕಿ, ಡಿಸೆಂಬರಿನಿಂದ ಮಾರ್ಚಿಯವರೆಗೆ ವಾರವಾರ ತೆಗೆದು ನೋಡುವ ಶಿಸ್ತು ಇರುವವರು ಮಾತ್ರ ಇದನ್ನು ಆರಿಸಬೇಕು.

ಮಧ್ಯೆ ತೂರಿದ ಏರ್ ಪ್ರಿಹೀಟರ್

ಚಿಮಣಿಯ ಶಾಖದಿಂದ ಗಾಳಿಯನ್ನು 28ರಿಂದ 150 ಡಿಗ್ರಿಗೆ ಕಾಯಿಸಿ ಕೊಟ್ಟರೆ ಇಂಧನ ಉಳಿಯುತ್ತದೆ, ನಿಜ. ಆದರೆ ಉರಿಯ ತಾಪಮಾನ ಅರವತ್ತೆಪ್ಪತ್ತು ಡಿಗ್ರಿ ಏರುತ್ತದೆ, ಮೇಲಿನ ಸಮೀಕರಣದ ಪ್ರಕಾರ ನಾಕ್ಸ್ ಹುಟ್ಟುವ ವೇಗ ಎರಡೂವರೆ ಪಟ್ಟಾಗುತ್ತದೆ. ಒಂದು ಕೈಯಲ್ಲಿ ಹೊಗೆ ಮರಳಿಸಿ ತಣಿಸಿ ಇನ್ನೊಂದು ಕೈಯಲ್ಲಿ ಕಾಯಿಸಿದಂತೆ. ಅದೇ ಶಾಖವನ್ನು ಬಾಯ್ಲರಿಗೆ ಹೋಗುವ ನೀರಿಗೆ ಕೊಡುವ ಎಕಾನಮೈಸರ್ ಹಾಕಿದರೆ ಉಳಿತಾಯ ಹಾಗೆಯೇ ಸಿಗುತ್ತದೆ, ಉರಿಗೆ ಅದರ ಸುಳಿವೂ ಹತ್ತುವುದಿಲ್ಲ. ನೀರನ್ನೋ ಉಗಿಯನ್ನೋ ಉರಿಗೆ ಸಿಂಪಡಿಸುವ ವಿಧಾನವೂ ಒಂದಿದೆ. ಗ್ಯಾಸ್ ಟರ್ಬೈನುಗಳಲ್ಲಿ ಅದಕ್ಕೆ ಬೆಲೆಯಿದೆ, ಉಗಿ ಮಾಡುವುದಕ್ಕೆಂದೇ ಇರುವ ಯಂತ್ರದಲ್ಲಿ ನನಗೆ ಅದು ರುಚಿಸುವುದಿಲ್ಲ.

ಕಾಫಿ ಹೊಟ್ಟು ಉರಿಸುವುದಾದರೆ

ಪಕ್ಕದವರು ಹೊಟ್ಟನ್ನು ಅಗ್ಗಕ್ಕೆ ಕೊಡುತ್ತಾರೆ, ಎಲ್‌ಪಿಜಿ ಬಿಟ್ಟು ಅದನ್ನೇ ಉರಿಸಿದರೆ ಹೇಗೆ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ತುರಿಯ ಮೇಲಿನ ಹೊಟ್ಟಿನ ಉರಿ ಸಾಮಾನ್ಯವಾಗಿ 1,200 ಡಿಗ್ರಿಯ ಒಳಗೇ ಇರುತ್ತದೆ, ಆದ್ದರಿಂದ ನಾಕ್ಸ್ ಇರುವುದಿಲ್ಲ ಎಂದು ವಾದಿಸುವವರಿದ್ದಾರೆ. ಝೆಲ್ಡೋವಿಚ್ ಸರಣಿಯ ನಾಕ್ಸ್ ಇರುವುದಿಲ್ಲ, ಅಷ್ಟು ಸರಿ. ಆದರೆ ಹೊಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಒಂದು ಶೇಕಡಾ ಸಾರಜನಕ ಗಿಡದಿಂದಲೇ ಬಂದಿರುತ್ತದೆ, ಸಾಮಾನ್ಯ ಸೌದೆಗಿಂತ ಕೆಲವು ಪಟ್ಟು ಹೆಚ್ಚು. ಅದು ಗಾಳಿಯ ಸಾರಜನಕದಂತೆ ಮೂರು ಬಂಧದ ಬಿಗಿಯಲ್ಲಿಲ್ಲ. ಇಂಗಾಲಕ್ಕೋ ಜಲಜನಕಕ್ಕೋ ಅಂಟಿಕೊಂಡಿರುವುದರಿಂದ ಸಾವಿರ ಡಿಗ್ರಿಯಲ್ಲೇ ಬಿಡಿಸಿಕೊಂಡು ಆಕ್ಸೈಡ್ ಆಗುತ್ತದೆ. ಅಲ್ಲಿ ತುದಿತಾಪ ಇಳಿಸುವುದಕ್ಕೆಂದು ಹೊಗೆ ಮರಳಿಸಿದರೆ ನಾಕ್ಸಿನಲ್ಲಿ ಹೇಳಿಕೊಳ್ಳುವಂಥ ಫಲ ಸಿಗದು. ಪೊಟ್ಯಾಶ್ ತುಂಬಿದ ಬೂದಿ ಕರಗಿ ತುರಿಗೆ ಅಂಟುವುದು ಕಡಿಮೆಯಾದೀತು, ಅದು ಬೇರೆಯೇ ಲಾಭ. ಹೊಟ್ಟಿಗೆ ಸರಿಯಾದದ್ದು ಎರಡು ಹಂತದ ಗಾಳಿ: ಆಮ್ಲಜನಕಕ್ಕೆ ಬರವಿರುವ ಮೊದಲ ಹಂತದಲ್ಲಿ ಬಿಡಿಸಿಕೊಂಡ ಸಾರಜನಕದ ತುಣುಕುಗಳು ಆಮ್ಲಜನಕ ಸಿಗದೆ ಒಂದಕ್ಕೊಂದು ಕೂಡಿ ಮತ್ತೆ ನಿರುಪದ್ರವಿ ಸಾರಜನಕ ಅನಿಲವಾಗುತ್ತವೆ. ಎಲ್‌ಪಿಜಿಯಲ್ಲಿ ಹಿಂದೆ ಬಿದ್ದ ವಿಧಾನ ಇಲ್ಲಿ ಮೊದಲಿಗೆ ಬರುತ್ತದೆ.

ನನ್ನ ಆಯ್ಕೆ, ಮತ್ತು ಅದನ್ನು ಪರೀಕ್ಷಿಸುವ ಬಗೆ

ಈ ಘಟಕಕ್ಕೆ, ಎಲ್‌ಪಿಜಿಯಲ್ಲೇ ಮುಂದುವರಿಯುವುದಾದರೆ, ಚೊಕ್ಕ ಸಾಮಾನ್ಯ ಬರ್ನರ್, ಪ್ರತ್ಯೇಕ ಫ್ಯಾನಿನ ಹೊಗೆ ಮರಳಿಕೆ, ಜೊತೆಗೆ ಎಕಾನಮೈಸರ್ ಇರಲಿ ಎನ್ನುತ್ತೇನೆ. ದೂಳಿಲ್ಲದ ಜಾಗದಲ್ಲಿ ಹೊಸ ಬಾಯ್ಲರ್ ಕೊಳ್ಳುವವರಿಗೆ, ಅಥವಾ ನಾಕ್ಸ್ ಒಂದಂಕಿಗೇ ಇಳಿಯಬೇಕಾದವರಿಗೆ ಜಾಲರಿ ಬರ್ನರನ್ನು ಹೇಳುತ್ತಿದ್ದೆ.

ಪ್ರಸ್ತಾವಗಳನ್ನು ಹೋಲಿಸುವಾಗ ಪಿಪಿಎಂ ಸಂಖ್ಯೆಯನ್ನು ಬರಿದೇ ಓದಬಾರದು, ಯಾವ ಆಮ್ಲಜನಕದಲ್ಲಿ ಅಳೆದದ್ದು ಎಂದು ಕೇಳಬೇಕು. ಹೊಗೆಗೆ ಗಾಳಿ ಬೆರೆಸಿ ತೆಳುವಾಗಿಸಿದರೆ ಸಂಖ್ಯೆ ಇಳಿಯುತ್ತದೆ, ನಾಕ್ಸ್ ಇಳಿಯುವುದಿಲ್ಲ. ಎಲ್ಲವನ್ನೂ 3 ಶೇಕಡಾ ಆಮ್ಲಜನಕಕ್ಕೆ ತರುವ ಸೂತ್ರ ಇದು:

NOx(3%) = NOx × (21 − 3) / (21 − O₂)

ಒಬ್ಬರು 9 ಶೇಕಡಾ ಆಮ್ಲಜನಕದಲ್ಲಿ 60 ಪಿಪಿಎಂ ಎಂದು ಬರೆದಿದ್ದಾರೆ, ಇನ್ನೊಬ್ಬರು 3 ಶೇಕಡಾದಲ್ಲಿ 75 ಎಂದಿದ್ದಾರೆ ಎನ್ನೋಣ. ಮೊದಲನೆಯವರದು 60 × 18 / 12, ಅಂದರೆ 90. ಕಾಗದದಲ್ಲಿ ದೊಡ್ಡದಾಗಿ ಕಂಡ 75 ಮೇಲು. ಒಬ್ಬರು ಮಿಲಿಗ್ರಾಂನಲ್ಲಿ ಕೊಟ್ಟಿದ್ದರೆ, ಪಿಪಿಎಂ ಸಂಖ್ಯೆಯನ್ನು 2.05ರಿಂದ ಗುಣಿಸಿದರೆ ಘನ ಮೀಟರಿಗೆ ಮಿಲಿಗ್ರಾಂ ಸಿಗುತ್ತದೆ. ಪ್ರತಿ ಅಳತೆಯ ಪಕ್ಕದಲ್ಲೂ ಅದೇ ಕ್ಷಣದ ಕಾರ್ಬನ್ ಮೊನಾಕ್ಸೈಡ್ ಅಳತೆ ಇರಬೇಕು. ನಾಕ್ಸ್ ಮಾತ್ರ ತೋರಿಸಿ ಅದನ್ನು ಬಿಟ್ಟಿರುವ ವರದಿಯನ್ನು ನಾನು ಮರಳಿಸುತ್ತೇನೆ.

ಪರೀಕ್ಷೆಯನ್ನು ಪೂರ್ಣ, ಅರ್ಧ ಮತ್ತು ಅತಿ ಕಡಿಮೆ ಹೊರೆಗಳಲ್ಲಿ ಮಾಡಿಸಬೇಕು, ಸಾಧ್ಯವಾದರೆ ಫೆಬ್ರುವರಿ ಅಥವಾ ಮಾರ್ಚಿಯಲ್ಲಿ. ಜುಲೈಯ ಮಳೆಯಲ್ಲಿ ಗಾಳಿಯ ತೇವ ತಾನೇ ಶಾಖ ಹೊರುತ್ತದೆ. ಒಣಗಾಳಿಗೆ ಹೋಲಿಸಿದರೆ ಉರಿ ಇಪ್ಪತ್ತು ಮೂವತ್ತು ಡಿಗ್ರಿ ತಣ್ಣಗಿರುತ್ತದೆ, ನಾಕ್ಸ್ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕಡಿಮೆ ತೋರುತ್ತದೆ. ಮಳೆಗಾಲದಲ್ಲಿ ಅಂಚಿನಲ್ಲಿ ಪಾಸಾದ ಬರ್ನರ್ ಬೇಸಿಗೆಯಲ್ಲಿ ಅದೇ ಡ್ಯಾಂಪರ್ ಸ್ಥಾನದಲ್ಲಿ ಮಿತಿ ಮೀರಬಹುದು. ಕೊನೆಯ ಕಂತಿನ ಹಣವನ್ನು ಬೇಸಿಗೆಯ ಅಳತೆಯಾಗುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಆರ್ಡರಿನಲ್ಲಿ ಬರೆಸಿಕೊಳ್ಳಬೇಕು.